ಹಲವು ಲಾಟುಗಳಲ್ಲಿ ಕೊಂಡ ಷೇರು: ಫೈಫೋ ಲೆಕ್ಕವೋ, ಸರಾಸರಿ ಬೆಲೆಯ ಲೆಕ್ಕವೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಹಿರಿಯರೊಬ್ಬರು ಪ್ರತಿ ವರ್ಷ ಜೂನ್ ತಿಂಗಳಲ್ಲಿ ತಮ್ಮ ಕಾಗದಪತ್ರಗಳನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನನ್ನ ಕಚೇರಿಗೆ ಬರುತ್ತಾರೆ. 2025ರಲ್ಲಿ ಬಂದಾಗ, ತಮ್ಮ ಷೇರು ವ್ಯವಹಾರಕ್ಕೆ ತೆರಿಗೆಯೇ ಬೀಳುವುದಿಲ್ಲವೆಂಬ ಲೆಕ್ಕವನ್ನು ಅವರು ಮನೆಯಲ್ಲೇ ಮಾಡಿ ತಂದಿದ್ದರು. ನಾನು 13,650 ರೂಪಾಯಿ ಕಟ್ಟಬೇಕಾಗುತ್ತದೆ ಎಂದಾಗ ಅವರು ಮೊಬೈಲನ್ನು ನನ್ನ ಮುಂದೆ ಹಿಡಿದು ಕೇಳಿದರು: "ಸರ್, ನನ್ನ ಸರಾಸರಿ ಎಂಟುನೂರ ಹತ್ತು. ಸಾವಿರಕ್ಕೆ ಮಾರೀನಿ. ಆರುನೂರು ಷೇರಿಗೆ ಒಂದು ಲಕ್ಷದ ಹದಿನಾಲ್ಕು ಸಾವಿರ ಲಾಭ. ಒಂದೂಕಾಲು ಲಕ್ಷದೊಳಗೇ ಐತಲ್ರೀ, ಮತ್ತೆ ತೆರಿಗೆ ಎಲ್ಲಿಂದ ಬಂತು?"

ಅವರ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅವರು ಹಿಡಿದ ವಿಧಾನ ಮಾತ್ರ ಆದಾಯ ತೆರಿಗೆ ಕಾಯ್ದೆ ಒಪ್ಪುವ ವಿಧಾನವಾಗಿರಲಿಲ್ಲ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ದಿನ, ಬೇರೆ ಬೇರೆ ಬೆಲೆಗೆ ಕೊಂಡು, ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಮಾರಿದವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಅವರ ಅನುಮತಿ ಪಡೆದು, ಕಂಪನಿಯ ಹೆಸರನ್ನು ಬಿಟ್ಟು, ಅಂಕಿಗಳನ್ನು ದುಂಡಗೆ ಮಾಡಿ, ದಲ್ಲಾಳಿ ಶುಲ್ಕದಂತಹ ಸಣ್ಣ ಖರ್ಚುಗಳನ್ನು ಬದಿಗಿಟ್ಟು ಅವರ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ.

ಮೂರು ಲಾಟು, ಒಂದು ಮಾರಾಟ

| ಕೊಂಡ ದಿನ | ಷೇರುಗಳು | ಒಂದಕ್ಕೆ ಬೆಲೆ (ರೂ.) | ಒಟ್ಟು (ರೂ.) |
|---|---|---|---|
| 14 ಜೂನ್ 2021 | 300 | 400 | 1,20,000 |
| 11 ಸೆಪ್ಟೆಂಬರ್ 2023 | 200 | 700 | 1,40,000 |
| 20 ಜೂನ್ 2024 | 500 | 1,100 | 5,50,000 |
| ಒಟ್ಟು | 1,000 | | 8,10,000 |

2025ರ ಫೆಬ್ರುವರಿ 17ರಂದು, ಮಗಳ ಮನೆ ಕಟ್ಟುವ ಕೆಲಸಕ್ಕೆ ಹಣ ಬೇಕಾಗಿ, ಅವರು ಇದರಲ್ಲಿ 600 ಷೇರುಗಳನ್ನು ತಲಾ 1,000 ರೂಪಾಯಿಗೆ ಮಾರಿದರು. ಕೈಗೆ ಬಂದದ್ದು 6,00,000 ರೂಪಾಯಿ. ಮಾರಿದ 600 ಷೇರುಗಳನ್ನು ಎಷ್ಟಕ್ಕೆ ಕೊಂಡದ್ದೆಂದು ಹಿಡಿಯಬೇಕು ಎಂಬುದೊಂದೇ ಉಳಿದ ಪ್ರಶ್ನೆ.

ಸರಾಸರಿ ವಿಧಾನದಲ್ಲಿ ಎಲ್ಲವನ್ನೂ ಒಂದೇ ರಾಶಿಗೆ ಸುರಿಯುತ್ತೇವೆ. 8,10,000ವನ್ನು 1,000ದಿಂದ ಭಾಗಿಸಿದರೆ ಒಂದು ಷೇರಿಗೆ 810 ರೂಪಾಯಿ, 600 ಷೇರಿಗೆ 4,86,000, ಲಾಭ 1,14,000.

ಫೈಫೋ ವಿಧಾನದಲ್ಲಿ, ಅಂದರೆ ಮೊದಲು ಒಳಬಂದದ್ದು ಮೊದಲು ಹೊರಹೋಗುತ್ತದೆ ಎಂಬ ನಿಯಮದಲ್ಲಿ, ಷೇರುಗಳನ್ನು ಸರದಿಯಲ್ಲಿ ನಿಲ್ಲಿಸುತ್ತೇವೆ. 2021ರ 300 ಷೇರು ಮೊದಲು ಹೋಗುತ್ತವೆ. ಅವುಗಳ ಮೇಲೆ ತಲಾ 600 ರೂಪಾಯಿಯಂತೆ 1,80,000 ಲಾಭ. ಆಮೇಲೆ 2023ರ 200 ಷೇರು. ತಲಾ 300ರಂತೆ 60,000 ಲಾಭ. ಇನ್ನೂ 100 ಷೇರು ಬೇಕಾಗಿರುವುದರಿಂದ ಅವನ್ನು 2024ರ ಲಾಟಿನಿಂದ ತೆಗೆಯಬೇಕು. ಅಲ್ಲಿ ತಲಾ 100 ರೂಪಾಯಿಯಂತೆ 10,000 ನಷ್ಟ. ಒಟ್ಟು ಕೂಡಿ ಕಳೆದರೆ 2,30,000 ರೂಪಾಯಿ ಲಾಭ.

ಅದೇ ಷೇರು, ಅದೇ ಮಾರಾಟ, ಬ್ಯಾಂಕಿಗೆ ಬಂದದ್ದೂ ಅಷ್ಟೇ ಹಣ. ಆದರೂ ಎರಡು ಲೆಕ್ಕಗಳ ನಡುವೆ 1,16,000 ರೂಪಾಯಿ ಅಂತರ. ಷೇರು ಪೇಟೆಯಲ್ಲಿ ಮಾರಿದ, ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಕಟ್ಟಿದ ಲಿಸ್ಟೆಡ್ ಷೇರಿನ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1,25,000 ರೂಪಾಯಿವರೆಗೆ ತೆರಿಗೆ ಇಲ್ಲ. ಅದನ್ನು ಮೀರಿದ ಭಾಗಕ್ಕೆ, 2024ರ ಜುಲೈ 23ರಿಂದ ನಡೆದ ಮಾರಾಟಗಳಲ್ಲಿ, ಶೇಕಡ 12.5 ತೆರಿಗೆ. ಸರಾಸರಿಯ ಪ್ರಕಾರ ಅವರು ಆ ಮಿತಿಯ ಒಳಗೇ ಇದ್ದರು. ಫೈಫೋ ಪ್ರಕಾರ 1,05,000 ರೂಪಾಯಿ ಮಿತಿಯ ಮೇಲೆ ಹೋಯಿತು. ಅದಕ್ಕೆ 13,125 ರೂಪಾಯಿ ತೆರಿಗೆ, ಅದರ ಮೇಲೆ ಶೇಕಡ 4ರ ಸೆಸ್ 525 ಸೇರಿ 13,650. ನಾನು ಹೇಳಿದ ಮೊತ್ತ ಬಂದದ್ದು ಹೀಗೆ.

ಕಾನೂನು ಸರದಿಯನ್ನೇ ಏಕೆ ಹಿಡಿಯಿತು

ಮಂಡಿಯವರಿಗೆ ಸರಾಸರಿ ಏಕೆ ಸಹಜವಾಗಿ ಕಾಣುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಎರಡು ದಿನ ಎರಡು ಧಾರಣೆಗೆ ಕೊಂಡ ಮೆಕ್ಕೆಜೋಳವನ್ನು ಗೋದಾಮಿನಲ್ಲಿ ಒಂದೇ ರಾಶಿಗೆ ಸುರಿದ ಮೇಲೆ, ಯಾವ ಕಾಳು ಯಾವ ಲಾಟಿನದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ರಾಶಿಗೆಲ್ಲ ಒಂದೇ ದರ ಕಟ್ಟುವುದು ನ್ಯಾಯವಾಗಿಯೇ ತೋರುತ್ತದೆ. ಡಿಮ್ಯಾಟ್ ಖಾತೆಯಲ್ಲಿರುವ ಷೇರುಗಳೂ ಹೀಗೆಯೇ ಒಂದರೊಳಗೊಂದು ಬೆರೆತಿರುತ್ತವೆ. ಹಿಂದೆ ಕಾಗದದ ಷೇರು ಪತ್ರಗಳಿದ್ದಾಗ ಪ್ರತಿ ಷೇರಿಗೂ ಒಂದು ಸಂಖ್ಯೆ ಇರುತ್ತಿತ್ತು. ಯಾವ ಪತ್ರಕ್ಕೆ ಸಹಿ ಹಾಕಿ ಕೊಟ್ಟೆವೋ ಅದೇ ಮಾರಾಟವಾದ ಷೇರು, ಅದನ್ನು ಕೊಂಡ ಬೆಲೆಯೇ ಅದರ ವೆಚ್ಚ. 1996ರ ಡಿಪಾಸಿಟರೀಸ್ ಕಾಯ್ದೆಯ ನಂತರ ಷೇರುಗಳು ಖಾತೆಯೊಳಗಿನ ಬರೀ ಸಂಖ್ಯೆಗಳಾದಾಗ ಈ ಗುರುತು ಅಳಿಸಿಹೋಯಿತು. ಗುರುತಿಲ್ಲದ ಕಡೆ ಒಂದು ನಿಯಮ ಬೇಕಾದ್ದರಿಂದ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 45(2ಎ) ಡಿಮ್ಯಾಟ್ ಷೇರುಗಳ ಖರೀದಿ ವೆಚ್ಚವನ್ನೂ, ಅವುಗಳನ್ನು ಹಿಡಿದಿಟ್ಟುಕೊಂಡ ಅವಧಿಯನ್ನೂ ಫೈಫೋ ವಿಧಾನದಿಂದಲೇ ನಿರ್ಧರಿಸಬೇಕೆಂದು ಹೇಳಿತು. ಅದನ್ನು ಹೇಗೆ ಅನ್ವಯಿಸಬೇಕೆಂಬ ವಿವರವನ್ನು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 1998ರ ಜೂನ್ 24ರ ತನ್ನ 768ನೇ ಸುತ್ತೋಲೆಯಲ್ಲಿ ಕೊಟ್ಟಿತು. ಹಳೆಯ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಇಲ್ಲಿನ ವ್ಯವಹಾರ ಹಳೆಯ ಕಾಯ್ದೆಯ ಕಾಲದ್ದಾಗಿರುವುದರಿಂದ ನಾನು ಹಳೆಯ ಸಂಖ್ಯೆಗಳನ್ನೇ ಹೇಳುತ್ತಿದ್ದೇನೆ.

ಆ ಸೆಕ್ಷನ್ ವೆಚ್ಚದ ಜೊತೆಗೆ ಅವಧಿಯನ್ನೂ ಹೆಸರಿಸಿರುವುದನ್ನು ಗಮನಿಸಬೇಕು, ಏಕೆಂದರೆ ಸರಾಸರಿ ವಿಧಾನ ನಿಜವಾಗಿ ಸೋಲುವುದು ಅಲ್ಲಿ. ಸರಾಸರಿಗೆ ಬೆಲೆ ಇದೆ, ವಯಸ್ಸಿಲ್ಲ. ಲಿಸ್ಟೆಡ್ ಷೇರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಅದರ ಲಾಭ ದೀರ್ಘಾವಧಿಯದು, ದರ ಶೇಕಡ 12.5, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯದು, ದರ ಶೇಕಡ 20, ಅದಕ್ಕೆ ಒಂದೂಕಾಲು ಲಕ್ಷದ ವಿನಾಯಿತಿಯೂ ಇಲ್ಲ. 810 ರೂಪಾಯಿ ಸರಾಸರಿಯ ಷೇರು 2021ರದೋ 2024ರದೋ? ಈ ಪ್ರಶ್ನೆಗೆ ಆ ಸಂಖ್ಯೆಯಲ್ಲಿ ಉತ್ತರವಿಲ್ಲ. ಮಂಡಿಪೇಟೆಯ ಹಿರಿಯರು ತಮ್ಮ 1,14,000ವನ್ನು ಪೂರ್ತಿ ದೀರ್ಘಾವಧಿ ಎಂದು ಭಾವಿಸಿದ್ದರು. ಅವರು ಮಾರಿದ 600ರಲ್ಲಿ 100 ಷೇರು ಎಂಟು ತಿಂಗಳ ಹಿಂದಷ್ಟೇ ಕೊಂಡವು ಎಂಬುದು ಫೈಫೋ ಪಟ್ಟಿ ಬರೆದು ತೋರಿಸುವವರೆಗೆ ಅವರ ಗಮನಕ್ಕೆ ಬಂದಿರಲಿಲ್ಲ.

ಇದರಿಂದ ಇನ್ನೊಂದು ಪರಿಣಾಮವೂ ಆಯಿತು. ಅವರು ವ್ಯಾಪಾರದ ಆದಾಯವನ್ನು ಅಂದಾಜು ಲಾಭದ ಪದ್ಧತಿಯಲ್ಲಿ ಐಟಿಆರ್-4 ನಮೂನೆಯಲ್ಲಿ ಸಲ್ಲಿಸುವವರು. 2025-26ರ ಮೌಲ್ಯಮಾಪನ ವರ್ಷದಿಂದ ಆ ನಮೂನೆಯಲ್ಲಿ 1,25,000 ರೂಪಾಯಿವರೆಗಿನ ಇಂತಹ ದೀರ್ಘಾವಧಿ ಲಾಭವನ್ನು ತೋರಿಸಲು ಅವಕಾಶ ಬಂದಿದೆ. ಅವರು ಅದನ್ನೇ ನಂಬಿಕೊಂಡಿದ್ದರು. ಲಾಭ ಮಿತಿಯನ್ನು ಮೀರಿದ್ದರಿಂದ, ಜೊತೆಗೆ ಅಲ್ಪಾವಧಿಯ ವ್ಯವಹಾರವೂ ಸೇರಿದ್ದರಿಂದ, ನಮೂನೆಯೇ ಬದಲಾಗಿ ಐಟಿಆರ್-3 ತುಂಬಬೇಕಾಯಿತು.

ಅಂತರದ ಹಣ ಎಲ್ಲಿ ಹೋಯಿತು

ಫೈಫೋ ತಮಗೆ 1,16,000 ರೂಪಾಯಿಯ ಸುಳ್ಳು ಲಾಭವನ್ನು ಹೊರಿಸಿತು ಎಂಬುದು ಅವರ ಎರಡನೆಯ ಆಕ್ಷೇಪವಾಗಿತ್ತು. ಇದು ಸರಿಯಲ್ಲ, ಉಳಿದ 400 ಷೇರುಗಳನ್ನು ನೋಡಿದರೆ ಏಕೆಂದು ತಿಳಿಯುತ್ತದೆ. ಸರಾಸರಿಯ ಪ್ರಕಾರ ಅವುಗಳ ವೆಚ್ಚ ತಲಾ 810ರಂತೆ 3,24,000. ಫೈಫೋ ಪ್ರಕಾರ ಉಳಿದವೆಲ್ಲ 2024ರ ಲಾಟಿನವೇ, ಆದ್ದರಿಂದ ವೆಚ್ಚ ತಲಾ 1,100ರಂತೆ 4,40,000. ಎರಡರ ನಡುವಿನ ಅಂತರ ಅದೇ 1,16,000. ಈಗ ಹೆಚ್ಚಾಗಿ ಕಂಡ ಲಾಭ, ಉಳಿದ ಷೇರುಗಳನ್ನು ಮಾರುವ ದಿನ ಅಷ್ಟೇ ಕಡಿಮೆಯಾಗಿ ಕಾಣುತ್ತದೆ. ಎಲ್ಲ ಷೇರುಗಳೂ ಮಾರಾಟವಾದ ಮೇಲೆ ಎರಡು ವಿಧಾನಗಳ ಒಟ್ಟು ಲಾಭ ಒಂದೇ ಆಗಿರುತ್ತದೆ. ಬೇರೆಯಾಗುವುದು ಲಾಭ ಯಾವ ವರ್ಷದಲ್ಲಿ ಕಾಣಿಸಿಕೊಳ್ಳುತ್ತದೆ ಮತ್ತು ಯಾವ ದರದಲ್ಲಿ ತೆರಿಗೆಗೆ ಒಳಪಡುತ್ತದೆ ಎಂಬುದು.

ಬೆಲೆ ಏರುತ್ತಾ ಹೋದಾಗ ಕೊಳ್ಳುತ್ತಾ ಬಂದವರಿಗೆ ಫೈಫೋ ಮೊದಲು ಹೆಚ್ಚು ಲಾಭ ತೋರಿಸುತ್ತದೆ. ಬೆಲೆ ಇಳಿಯುತ್ತಿದ್ದಾಗ ಕೊಂಡವರಿಗೆ ಇದು ತಿರುಗುತ್ತದೆ: ದುಬಾರಿಯಾದ ಹಳೆಯ ಲಾಟು ಮೊದಲು ಹೋಗುವುದರಿಂದ ಫೈಫೋದಲ್ಲಿ ಮೊದಲು ನಷ್ಟ ಅಥವಾ ಕಡಿಮೆ ಲಾಭ ಬರುತ್ತದೆ.

ಮೊಬೈಲಿನಲ್ಲಿ ಕಾಣುವ ಸರಾಸರಿ

ಜನರ ಗೊಂದಲಕ್ಕೆ ಮುಖ್ಯ ಕಾರಣ ಷೇರು ಆ್ಯಪ್‌ನ ಹೋಲ್ಡಿಂಗ್ಸ್ ಪುಟದಲ್ಲಿ ಕಾಣುವ ಸರಾಸರಿ ಬೆಲೆ. ಅದನ್ನು ಯಾವ ವಿಧಾನದಲ್ಲಿ ಲೆಕ್ಕ ಹಾಕಿದ್ದಾರೆಂದು ತಿಳಿಯಲು ಒಂದು ಸುಲಭವಾದ ದಾರಿ ಇದೆ. ಸ್ವಲ್ಪ ಭಾಗ ಮಾರಿ, ವ್ಯವಹಾರ ಇತ್ಯರ್ಥವಾದ ಮೇಲೆ ಮತ್ತೆ ಆ ಪುಟವನ್ನು ನೋಡಬೇಕು. ಉಳಿದ ಷೇರುಗಳ ಸರಾಸರಿ ಮೊದಲಿನಂತೆ 810 ಎಂದೇ ಇದ್ದರೆ ಆ ಆ್ಯಪ್ ಎಲ್ಲವನ್ನೂ ಒಂದೇ ರಾಶಿಯಾಗಿ ನೋಡುತ್ತಿದೆ. ಅದು 1,100ಕ್ಕೆ ಏರಿದ್ದರೆ ಆ್ಯಪ್ ಫೈಫೋ ಪ್ರಕಾರ ಹಳೆಯ ಲಾಟುಗಳನ್ನು ತೆಗೆದು, ಉಳಿದವುಗಳ ಬೆಲೆಯನ್ನಷ್ಟೇ ತೋರಿಸುತ್ತಿದೆ. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ಸರಾಸರಿ ಏರಿತಲ್ಲ ಎಂದು ಗಾಬರಿಯಾಗಿ ಫೋನ್ ಮಾಡುವವರಿಗೆ ನಾನು ಹೇಳುವುದು, ಅದು ಆ್ಯಪ್ ಸರಿಯಾಗಿ ಕೆಲಸ ಮಾಡುತ್ತಿರುವ ಲಕ್ಷಣವೆಂದೇ.

ಹೋಲ್ಡಿಂಗ್ಸ್ ಪುಟ ಹೇಗೇ ಇರಲಿ, ತೆರಿಗೆಗೆ ಬೇಕಾದದ್ದು ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಆ್ಯಂಡ್ ಎಲ್, ಅಂದರೆ ಲಾಭ ನಷ್ಟದ ವರದಿ. ಅದರಲ್ಲಿ ಒಂದೇ ಮಾರಾಟ ಹಲವು ಸಾಲುಗಳಾಗಿ ಒಡೆದಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಫೆಬ್ರುವರಿ 17ರ ಒಂದೇ ಮಾರಾಟಕ್ಕೆ 300, 200 ಮತ್ತು 100 ಷೇರುಗಳ ಮೂರು ಸಾಲು, ಪ್ರತಿ ಸಾಲಿಗೂ ಅದರದೇ ಖರೀದಿ ದಿನಾಂಕ ಇರಬೇಕು. ಮೂರು ಲಾಟುಗಳಿಂದ ಮಾರಿದ್ದಕ್ಕೆ ಒಂದೇ ಸಾಲು, ಒಂದೇ ದರ ಇದ್ದರೆ ಆ ವರದಿಯನ್ನು ನಂಬಿ ರಿಟರ್ನ್ ತುಂಬಬಾರದು.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಷೇರುಗಳನ್ನು ಒಬ್ಬ ಬ್ರೋಕರ್‌ನಿಂದ ಇನ್ನೊಬ್ಬರ ಬಳಿಗೆ ವರ್ಗಾಯಿಸಿಕೊಂಡೆ. ಹೊಸ ಖಾತೆಯ ವರದಿಯಲ್ಲಿ ಆ ಷೇರುಗಳ ಕೊಂಡ ದಿನವಾಗಿ ವರ್ಗಾವಣೆಯ ದಿನವೂ, ಕೊಂಡ ಬೆಲೆಯಾಗಿ ಅಂದಿನ ಮುಕ್ತಾಯದ ಬೆಲೆಯೂ ಬಂದು ಕೂತಿದ್ದವು. ಆರು ವರ್ಷ ಹಳೆಯ ಷೇರು ನಿನ್ನೆ ಕೊಂಡಂತೆ ಕಾಣುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ದೀರ್ಘಾವಧಿಯ ಲಾಭವನ್ನು ಅಲ್ಪಾವಧಿಯದೆಂದು ತೋರಿಸಿದಂತಾಗುತ್ತಿತ್ತು. ಪ್ರತಿ ಖರೀದಿಗೂ ಬ್ರೋಕರ್ ಕೊಟ್ಟಿದ್ದ ಹಳೆಯ ಕಾಂಟ್ರ್ಯಾಕ್ಟ್ ನೋಟುಗಳನ್ನು ನೋಡಿ ಪ್ರತಿ ಲಾಟಿನ ದಿನಾಂಕ, ಬೆಲೆಗಳನ್ನು ಕೈಯಾರೆ ತುಂಬಿಸಿದ ಮೇಲೆಯೇ ವರದಿ ಸರಿಯಾಯಿತು. ಅಂದಿನಿಂದ, ಖಾತೆ ಮುಚ್ಚುವ ಮೊದಲು ಅದುವರೆಗಿನ ಎಲ್ಲ ಕಾಂಟ್ರ್ಯಾಕ್ಟ್ ನೋಟುಗಳನ್ನೂ ಇಳಿಸಿಕೊಳ್ಳಿ ಎಂದು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ ಕಾಣುವ ಖರೀದಿ ವೆಚ್ಚವನ್ನೂ ಹೀಗೆಯೇ ತಾಳೆ ನೋಡಬೇಕು. ನಿಮ್ಮ ನಿಜವಾದ ವೆಚ್ಚಕ್ಕೆ ಆಧಾರ ಕಾಂಟ್ರ್ಯಾಕ್ಟ್ ನೋಟೇ ಹೊರತು ಆ ಪಟ್ಟಿಯಲ್ಲ.

ಬೋನಸ್ ಷೇರು ಬಂದಾಗ

ಎರಡು ವಿಧಾನಗಳ ಅಂತರ ಅತಿ ಹೆಚ್ಚಾಗಿ ಕಾಣುವುದು ಬೋನಸ್ ಷೇರಿನಲ್ಲಿ. ಒಂದಕ್ಕೊಂದು ಬೋನಸ್ ಬಂದರೆ ಕೊಂಡ ಬೆಲೆ ಅರ್ಧವಾಯಿತು ಎಂದು ಬಹಳ ಜನ ತಿಳಿಯುತ್ತಾರೆ. ಅದು ಸರಾಸರಿಯ ಯೋಚನೆ. ಕಾಯ್ದೆಯ ಪ್ರಕಾರ ಬೋನಸ್ ಷೇರಿನ ವೆಚ್ಚ ಸೊನ್ನೆ, ಅದರ ಅವಧಿ ಅದು ಹಂಚಿಕೆಯಾದ ದಿನದಿಂದ ಆರಂಭ. ಮೂಲ ಷೇರಿನ ವೆಚ್ಚ ಇದ್ದಷ್ಟೇ ಇರುತ್ತದೆ.

ಒಬ್ಬರು 2022ರಲ್ಲಿ 100 ಷೇರುಗಳನ್ನು ತಲಾ 600ಕ್ಕೆ ಕೊಂಡರು ಎಂದುಕೊಳ್ಳೋಣ. 2023ರ ಅಕ್ಟೋಬರ್‌ನಲ್ಲಿ 100 ಬೋನಸ್ ಷೇರು ಬಂದವು. 2024ರ ಡಿಸೆಂಬರ್‌ನಲ್ಲಿ ಅವರು 100 ಷೇರುಗಳನ್ನು ತಲಾ 350ಕ್ಕೆ ಮಾರಿದರು. ಸರಾಸರಿಯ ಪ್ರಕಾರ ವೆಚ್ಚ 300, ಲಾಭ 5,000. ಫೈಫೋ ಪ್ರಕಾರ ಹೋದದ್ದು ಮೊದಲು ಬಂದ 100 ಮೂಲ ಷೇರು. ತಲಾ 250ರಂತೆ 25,000 ರೂಪಾಯಿ ದೀರ್ಘಾವಧಿ ನಷ್ಟ. ಉಳಿದ 100 ಬೋನಸ್ ಷೇರುಗಳನ್ನು ಮುಂದಿನ ವರ್ಷ ಅದೇ 350ಕ್ಕೆ ಮಾರಿದರೆ ಬಂದ 35,000ವೂ ಲಾಭವೇ. ಎರಡೂ ವರ್ಷ ಸೇರಿಸಿದರೆ ಯಾವ ವಿಧಾನದಲ್ಲಾದರೂ ಲಾಭ 10,000ವೇ. ಆದರೆ ಮೊದಲ ವರ್ಷದ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿ ಆ 25,000 ನಷ್ಟವನ್ನು ತೋರಿಸಿದರೆ ಮಾತ್ರ ಅದನ್ನು ಮುಂದಿನ ಎಂಟು ಮೌಲ್ಯಮಾಪನ ವರ್ಷಗಳವರೆಗೆ ಸಾಗಿಸಿ ದೀರ್ಘಾವಧಿ ಲಾಭದ ವಿರುದ್ಧ ಹೊಂದಿಸಿಕೊಳ್ಳಬಹುದು. ಸರಾಸರಿ ಹಿಡಿದು ಸಣ್ಣ ಲಾಭವೆಂದು ಬರೆದವರು ಆ ನಷ್ಟವನ್ನು ತಮ್ಮ ಕೈಯಾರೆ ಕಳೆದುಕೊಳ್ಳುತ್ತಾರೆ.

ಷೇರು ವಿಭಜನೆ ಇದಕ್ಕಿಂತ ಬೇರೆ. 10 ರೂಪಾಯಿ ಮುಖಬೆಲೆಯ ಷೇರು 2 ರೂಪಾಯಿಯ ಐದು ಷೇರಾದಾಗ ವೆಚ್ಚವೂ ಐದು ಪಾಲಾಗುತ್ತದೆ, ವಯಸ್ಸು ಮೂಲ ಖರೀದಿಯ ದಿನದಿಂದಲೇ ಎಣಿಕೆಯಾಗುತ್ತದೆ. 2018ರ ಫೆಬ್ರುವರಿ 1ಕ್ಕೆ ಮೊದಲು ಕೊಂಡ ಷೇರುಗಳಿಗೂ ಲಾಟುವಾರು ಲೆಕ್ಕವೇ ಬೇಕು, ಏಕೆಂದರೆ ಅವುಗಳ ವೆಚ್ಚವಾಗಿ ಆ ವರ್ಷದ ಜನವರಿ 31ರ ಗರಿಷ್ಠ ಬೆಲೆಯನ್ನು, ಮಾರಿದ ಬೆಲೆಯ ಮಿತಿಯೊಳಗೆ, ಹಿಡಿಯಲು ಅವಕಾಶವಿದೆ. ಆಮೇಲೆ ಕೊಂಡ ಷೇರುಗಳಿಗೆ ಆ ಅವಕಾಶವಿಲ್ಲ. ಎರಡನ್ನೂ ಸರಾಸರಿಯಲ್ಲಿ ಬೆರೆಸಿದರೆ ಹಳೆಯ ಷೇರಿಗೆ ಸಿಗಬೇಕಾದ ರಕ್ಷಣೆ ಕೈತಪ್ಪುತ್ತದೆ.

ಆಯ್ಕೆ ನಿಜವಾಗಿ ಇರುವುದೆಲ್ಲಿ

ಹೂಡಿಕೆಯಾಗಿ ಇಟ್ಟುಕೊಂಡ ಡಿಮ್ಯಾಟ್ ಷೇರಿನ ಬಂಡವಾಳ ಲಾಭಕ್ಕೆ ಎರಡು ವಿಧಾನಗಳ ನಡುವೆ ಆಯ್ಕೆಯೇ ಇಲ್ಲ, ಫೈಫೋ ಕಡ್ಡಾಯ. ಹಾಗಾದರೆ ಹೋಲಿಸುವುದೇಕೆ ಎಂದು ಕೇಳಬಹುದು. ವಿಧಾನವನ್ನು ಆರಿಸಲಾಗದಿದ್ದರೂ, ಮಾರುವ ಸಮಯ ಮತ್ತು ಕೊಳ್ಳುವ ಖಾತೆ ನಮ್ಮ ಕೈಯಲ್ಲಿವೆ. ಫೈಫೋ ಸರದಿಯನ್ನು ಮೊದಲೇ ಬರೆದುಕೊಂಡವರು ಇವೆರಡನ್ನೂ ಬಳಸಿಕೊಳ್ಳಬಹುದು.

ಮೊದಲನೆಯದು ಸಮಯ. ಮಂಡಿಪೇಟೆಯ ಹಿರಿಯರಿಗೆ ಫೆಬ್ರುವರಿಯಲ್ಲಿ ತಕ್ಷಣಕ್ಕೆ ಬೇಕಾಗಿದ್ದದ್ದು ಎರಡು ಲಕ್ಷ. ಉಳಿದದ್ದನ್ನು ಗುತ್ತಿಗೆದಾರರಿಗೆ ಏಪ್ರಿಲ್‌ನಲ್ಲಿ ಕೊಟ್ಟರೂ ನಡೆಯುತ್ತಿತ್ತು. ಅಂದು 200 ಷೇರುಗಳನ್ನಷ್ಟೇ ಮಾರಿದ್ದರೆ ಲಾಭ 1,20,000, ಅಂದರೆ ಮಿತಿಯ ಒಳಗೆ. ಹೊಸ ಆರ್ಥಿಕ ವರ್ಷ ಹುಟ್ಟಿದ ಮೇಲೆ ಏಪ್ರಿಲ್‌ನಲ್ಲಿ 400 ಮಾರಿದ್ದರೆ, 2021ರ ಉಳಿದ 100ರಿಂದ 60,000, 2023ರ 200ರಿಂದ 60,000, 2024ರ 100ರಿಂದ 10,000 ನಷ್ಟ. ಒಟ್ಟು 1,10,000, ಅದೂ ಆ ವರ್ಷದ ಮಿತಿಯ ಒಳಗೆ. ಬೆಲೆ ಸಾವಿರದಲ್ಲೇ ನಿಂತಿದ್ದರೆ ಅದೇ 2,30,000 ಲಾಭಕ್ಕೆ ಒಂದು ರೂಪಾಯಿ ತೆರಿಗೆಯೂ ಬರುತ್ತಿರಲಿಲ್ಲ. ಎರಡು ತಿಂಗಳಲ್ಲಿ ಬೆಲೆ ಇಳಿಯುವ ಅಪಾಯ ಇದ್ದೇ ಇತ್ತು, ಅದನ್ನು ನಾನು ಮರೆಮಾಚುವುದಿಲ್ಲ. ಷೇರಿಗೆ 35 ರೂಪಾಯಿ ಇಳಿದಿದ್ದರೂ ಆ 400 ಷೇರುಗಳಲ್ಲಿ ಉಳಿಸಿದ ತೆರಿಗೆಗಿಂತ ಹೆಚ್ಚು ಹೋಗುತ್ತಿತ್ತು. ಆದರೆ ಸರಾಸರಿಯ ಲೆಕ್ಕವನ್ನು ನೋಡಿ ಎಲ್ಲವನ್ನೂ ಒಂದೇ ದಿನ ಮಾರಿದ ಅವರಿಗೆ ಇಂತಹ ತೂಗಿ ನೋಡುವ ಅವಕಾಶವೇ ಸಿಗಲಿಲ್ಲ.

ಎರಡನೆಯದು ಖಾತೆ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಡಿಮ್ಯಾಟ್ ಖಾತೆಗಳಿದ್ದರೆ ಫೈಫೋವನ್ನು ಪ್ರತಿ ಖಾತೆಗೂ ಪ್ರತ್ಯೇಕವಾಗಿ ಅನ್ವಯಿಸಬೇಕೆಂದು 768ನೇ ಸುತ್ತೋಲೆಯೇ ಹೇಳುತ್ತದೆ. 2024ರ 500 ಷೇರುಗಳನ್ನು ಅವರು ತಮ್ಮದೇ ಹೆಸರಿನ ಎರಡನೆಯ ಖಾತೆಯಲ್ಲಿ ಕೊಂಡಿದ್ದರೆ, ಫೆಬ್ರುವರಿಯಲ್ಲಿ ಆ 500ನ್ನು ಪೂರ್ತಿ ಮಾರಿ 50,000 ಅಲ್ಪಾವಧಿ ನಷ್ಟವನ್ನೂ, ಹಳೆಯ ಖಾತೆಯಿಂದ 100 ಮಾರಿ 60,000 ದೀರ್ಘಾವಧಿ ಲಾಭವನ್ನೂ ತೋರಿಸಬಹುದಿತ್ತು. ಅಲ್ಪಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ವಿರುದ್ಧವೂ ಹೊಂದಿಸಬಹುದಾದ್ದರಿಂದ ಆ ವರ್ಷ ಉಳಿಯುತ್ತಿದ್ದ ಲಾಭ 10,000 ಮಾತ್ರ. ಇದಕ್ಕೆ ವಿರುದ್ಧವಾಗಿ, ದೀರ್ಘಾವಧಿ ನಷ್ಟವನ್ನು ಅಲ್ಪಾವಧಿ ಲಾಭದ ವಿರುದ್ಧ ಹೊಂದಿಸಲು ಬರುವುದಿಲ್ಲ. ಷೇರುಗಳೆಲ್ಲ ಒಂದೇ ಖಾತೆಗೆ ಬಂದು ಸೇರಿದ ಮೇಲೆ ಬೇಕಾದ ಲಾಟನ್ನಷ್ಟೇ ಆರಿಸಿ ಹೊರತೆಗೆಯಲಾಗುವುದಿಲ್ಲ, ಏಕೆಂದರೆ ಖಾತೆಯಿಂದ ಹೊರಹೋಗುವಾಗ ಒಳಬಂದ ದಿನದ ಸರದಿಯೇ ಅನ್ವಯಿಸುತ್ತದೆ. ಆದ್ದರಿಂದ ಇದನ್ನು ಕೊಳ್ಳುವಾಗಲೇ ಯೋಚಿಸಿರಬೇಕು. ಹೆಂಡತಿಯ ಖಾತೆಯಲ್ಲಿ ಕೊಂಡರಾಯಿತು ಎಂದು ಕೆಲವರು ಹೇಳುತ್ತಾರೆ. ಗಂಡ ಕೊಟ್ಟ ಹಣದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡ ಷೇರಿನ ಲಾಭ ಗಂಡನ ಆದಾಯಕ್ಕೇ ಸೇರುತ್ತದೆ.

ಒಳಬಂದ ದಿನ ಎಂಬ ಮಾತು ಹಳೆಯ ಕಾಗದದ ಷೇರು ಇಟ್ಟುಕೊಂಡ ಮನೆತನಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಲಿಸ್ಟೆಡ್ ಷೇರಿನ ವರ್ಗಾವಣೆ 2019ರ ಏಪ್ರಿಲ್‌ನಿಂದ ಡಿಮ್ಯಾಟ್ ರೂಪದಲ್ಲೇ ಆಗಬೇಕಾದ್ದರಿಂದ, ಪೆಟ್ಟಿಗೆಯಲ್ಲಿದ್ದ ಪತ್ರಗಳನ್ನು ತಡವಾಗಿ ಡಿಮ್ಯಾಟ್ ಮಾಡಿಸಿದವರು ನಮ್ಮ ಊರಿನಲ್ಲಿ ಅನೇಕರಿದ್ದಾರೆ. ಅಂತಹ ಷೇರು 1995ರದ್ದಾಗಿದ್ದರೂ ಖಾತೆಯ ಸರದಿಯಲ್ಲಿ ಅದು ನಿಲ್ಲುವುದು ಖಾತೆಗೆ ಜಮೆಯಾದ ದಿನದ ಜಾಗದಲ್ಲಿ. ಅದರ ವಯಸ್ಸನ್ನು ಮಾತ್ರ ಮೂಲ ಖರೀದಿಯ ದಿನದಿಂದ ಎಣಿಸಬೇಕು.

ಸರಾಸರಿ ವಿಧಾನಕ್ಕೆ ಕಾನೂನಿನೊಳಗೇ ಒಂದು ಜಾಗವಿದೆ. ಷೇರುಗಳನ್ನು ಹೂಡಿಕೆಯಾಗಿ ಇಡದೆ ವ್ಯಾಪಾರದ ದಾಸ್ತಾನಾಗಿ ಇಟ್ಟು, ಲಾಭವನ್ನು ವ್ಯಾಪಾರದ ಆದಾಯವೆಂದು ತೋರಿಸುವವರು ವರ್ಷಾಂತ್ಯದ ದಾಸ್ತಾನಿನ ವೆಚ್ಚವನ್ನು ಫೈಫೋ ಅಥವಾ ತೂಕದ ಸರಾಸರಿಯಿಂದ ಕಟ್ಟಬಹುದು, ಮತ್ತು ಹಿಡಿದ ವಿಧಾನವನ್ನೇ ವರ್ಷದಿಂದ ವರ್ಷಕ್ಕೆ ಮುಂದುವರಿಸಬೇಕು. ಆದರೆ ಅಲ್ಲಿ ಶೇಕಡ 12.5ರ ದರವೂ ಇಲ್ಲ, ಒಂದೂಕಾಲು ಲಕ್ಷದ ವಿನಾಯಿತಿಯೂ ಇಲ್ಲ. ಲಾಭಕ್ಕೆ ಸಾಮಾನ್ಯ ಸ್ಲ್ಯಾಬ್ ದರವೇ ಅನ್ವಯ. ಸರಾಸರಿಯ ಅನುಕೂಲಕ್ಕಾಗಿಯೇ ಆ ದಾರಿ ಹಿಡಿಯುವುದನ್ನು ನಾನು ಯಾರಿಗೂ ಸೂಚಿಸಲಾರೆ. ಇದಲ್ಲದೆ, ಒಟ್ಟು ಹಾಕಿದ ಹಣ ವಾಪಸು ಬರಲು ಬೆಲೆ ಎಲ್ಲಿಗೆ ಮುಟ್ಟಬೇಕು, ಇನ್ನಷ್ಟು ಕೊಂಡರೆ ಆ ಗಡಿ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಸರಾಸರಿಗಿಂತ ಒಳ್ಳೆಯ ಅಳತೆ ಇಲ್ಲ. ಅದು ಕೊಳ್ಳುವವನ ನಿರ್ಧಾರಕ್ಕೆ ಬೇಕಾದ ಸಂಖ್ಯೆ. ರಿಟರ್ನ್‌ನಲ್ಲಿ ಬರೆಯುವ ಸಂಖ್ಯೆಯಲ್ಲ.

ಹಿರಿಯರು ಅಂದು 13,650 ರೂಪಾಯಿಯನ್ನೂ ಅದರ ಮೇಲಿನ ಬಡ್ಡಿಯನ್ನೂ ಕಟ್ಟಿದರು. ಆಮೇಲೆ ತಮ್ಮ ಕಿಸೆಯ ಪುಸ್ತಕವನ್ನು ತೆಗೆದು, 810 ಎಂದು ಬರೆದಿದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಮಂಡಿಯ ಚೀಟಿಯ ರೀತಿಯಲ್ಲೇ ಒಂದು ಸಾಲು ಬರೆದುಕೊಂಡರು: 20-6-2024ರ ಲಾಟು, ಬಾಕಿ 400, ದರ 1,100, ಒಂದು ವರ್ಷ ತುಂಬುವುದು 20-6-2025.